ಅಜ್ಜಿಗೆ ಒಗ್ಗಿದ ಕೊಬ್ಬರಿ ಎಣ್ಣೆ ನನ್ನ ಹಣೆಗೆ ಯಾಕೆ ಒಗ್ಗಲಿಲ್ಲ?

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ. ಸೋಮವಾರಪೇಟೆ ಹತ್ತಿರ ಮನೆ, ಶಾಲೆಯಲ್ಲಿ ಟೀಚರ್. ಡಿಸೆಂಬರ್ ಚಳಿಗೆ ಕೆನ್ನೆ ಬಿಗಿಬಿಗಿ ಆಗಿ ಸಿಪ್ಪೆ ಏಳ್ತಿತ್ತು. ಗಾಣದಲ್ಲಿ ಆಡಿಸಿದ ಕೊಬ್ಬರಿ ಎಣ್ಣೆಯನ್ನು ರಾತ್ರಿ ಮುಖಕ್ಕೆ ಹಚ್ಚಿ ಮಲಗೋಕೆ ಶುರು ಮಾಡಿದೆ. ಮೂರು ವಾರ ಮುಖ ತುಂಬಾ ಮೆತ್ತಗಿತ್ತು. ಆರನೇ ವಾರದ ಹೊತ್ತಿಗೆ ಹಣೆ ತುಂಬಾ, ಕೆನ್ನೆಯ ಪಕ್ಕದಲ್ಲೂ ಸಣ್ಣ ಗುಳ್ಳೆ. ನೋವಿಲ್ಲ, ಕೆಂಪಿಲ್ಲ, ಕೈ ಆಡಿಸಿದ್ರೆ ರವೆ ಥರ. ಗೆಳತಿ "ಒಳಗಿನ ಕೊಳೆ ಹೊರಗೆ ಬರ್ತಿದೆ, ನಿಲ್ಲಿಸಬೇಡ" ಅಂತಾಳೆ. ಅಜ್ಜಿ ಜೀವನಪೂರ್ತಿ ಇದೇ ಎಣ್ಣೆ ಹಚ್ಚಿದ್ದಾರೆ, ಅವರ ಮುಖದಲ್ಲಿ ಒಂದು ಮೊಡವೆ ಇಲ್ಲ. ನಾನು ನಿಲ್ಲಿಸಲಾ? ಬೇರೆ ಯಾವುದಾದ್ರೂ ಎಣ್ಣೆ ಹಚ್ಚಬಹುದಾ?

ಉತ್ತರ: ಮುಖಕ್ಕೆ ಹಚ್ಚುವುದನ್ನು ಇವತ್ತು ರಾತ್ರಿಯಿಂದಲೇ ನಿಲ್ಲಿಸಿ. ಎಣ್ಣೆ ಕೆಟ್ಟದ್ದು ಅಂತಲ್ಲ. ನಿಮ್ಮ ಹಣೆಗೆ ಅದು ಹೊಂದುತ್ತಿಲ್ಲ, ಅಷ್ಟೇ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಬೆಳಿಗ್ಗೆ ಮುಖ ತೊಳೆದು, ಒರೆಸಿ, ಕಿಟಕಿಯ ಪಕ್ಕ ನಿಂತುಕೊಳ್ಳಿ. ಬೆಳಕು ಎದುರಿನಿಂದ ಬೀಳಬಾರದು, ಪಕ್ಕದಿಂದ ಬೀಳಬೇಕು. ಕೈಗನ್ನಡಿ ಹಿಡಿದು, ಎರಡು ಬೆರಳಿನಿಂದ ಹಣೆಯ ಚರ್ಮವನ್ನು ಮೆಲ್ಲಗೆ ಎಳೆದು ನೋಡಿ. ಸುಮ್ನೆ ನೋಡಿದಾಗ ಕಾಣದ ಗುಳ್ಳೆಗಳು ಆಗ ಬಿಳಿ ಚುಕ್ಕಿಗಳ ಹಾಗೆ ಎದ್ದು ಕಾಣುತ್ತವೆ. ಕೆಲವು ಸಾಸಿವೆಗಿಂತ ಸಣ್ಣ, ಕೆಲವು ಸ್ವಲ್ಪ ದೊಡ್ಡವು. ಮಧ್ಯೆ ಅಲ್ಲೊಂದು ಇಲ್ಲೊಂದು ಕಪ್ಪು ತಲೆಯದ್ದೂ ಇರಬಹುದು. ಹೀಗೆ ಕಂಡರೆ ಅವು ಬಾಯಿ ಮುಚ್ಚಿದ ರಂಧ್ರಗಳು. ನಾವು ಕಾಮಿಡೋನ್ ಅಂತೀವಿ, ನೀವು ಅಂಗಡಿಯಲ್ಲಿ ವೈಟ್‌ಹೆಡ್ ಅಂತ ಕೇಳಿರುತ್ತೀರಿ. ಮೊಡವೆಯ ಮೊದಲ ಮೆಟ್ಟಿಲು ಇದೇ.

ಎಣ್ಣೆ ಹೋಗಿ ರಂಧ್ರದಲ್ಲಿ ಕೂತು ಬಿರಡೆ ಹಾಕುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ಕಡೆ ಇದನ್ನು ನಂಬುವುದು ಇನ್ನೂ ಸುಲಭ, ಯಾಕಂದ್ರೆ ಜನವರಿಯ ಬೆಳಿಗ್ಗೆ ಬಾಟಲಿಯೊಳಗೆ ಕೊಬ್ಬರಿ ಎಣ್ಣೆ ಬೆಳ್ಳಗೆ ಕಲ್ಲಾಗಿರುತ್ತದೆ. ಬಿಸಿನೀರಲ್ಲಿ ಇಟ್ಟು ಕರಗಿಸಿಕೊಂಡೇ ಹಚ್ಚಬೇಕು. "ಬಾಟಲಿಯಲ್ಲೇ ಹೀಗೆ ಗಟ್ಟಿಯಾಗುವ ಎಣ್ಣೆ ಮುಖದೊಳಗೆ ಹೋಗಿ ಗಟ್ಟಿಯಾಗದೇ ಇರುತ್ತಾ" ಅಂತ ಎಷ್ಟೋ ಜನ ಕೇಳಿದ್ದಾರೆ. ಆಗುವುದಿಲ್ಲ. ಈ ಎಣ್ಣೆ ಸುಮಾರು 24, 25 ಡಿಗ್ರಿಗೇ ಕರಗುತ್ತದೆ. ರಾತ್ರಿ ಕಂಬಳಿ ಹೊದ್ದು ಮಲಗಿದ ಮುಖದ ಚರ್ಮ ಅದಕ್ಕಿಂತ ಬೆಚ್ಚಗಿರುತ್ತದೆ.

ನಿಜವಾಗಿ ಆಗುವುದು ಬೇರೆ. ಪ್ರತಿ ರೋಮರಂಧ್ರದ ಒಳಗೆ ಸಣ್ಣ ಕೊಳವೆ ಇದೆ. ಕೆಳಗಿನ ಗ್ರಂಥಿಯಿಂದ ನಮ್ಮದೇ ಜಿಡ್ಡು ಮೇಲೆ ಬರುತ್ತದೆ. ಕೊಳವೆಯ ಒಳಗೋಡೆಯಿಂದ ಸತ್ತ ಕೋಶಗಳು ಉದುರಿ ಆ ಜಿಡ್ಡಿನ ಜೊತೆ ಹೊರಗೆ ಹೋಗುತ್ತವೆ. ಮೊಡವೆಯ ಗುಣ ಇರುವ ಚರ್ಮದಲ್ಲಿ ಈ ಕೋಶಗಳು ಬಿಡಿಬಿಡಿಯಾಗಿ ಉದುರುವುದಿಲ್ಲ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಥ ಕೊಳವೆಗೆ ಕೆಲವು ಕೊಬ್ಬಿನ ಪದಾರ್ಥಗಳು ದಿನಾ ತಾಗಿದರೆ ಒಳಗೋಡೆ ಕೆರಳಿ, ಕೋಶಗಳು ಇನ್ನೂ ಜಾಸ್ತಿ ಹುಟ್ಟಿ, ಇನ್ನೂ ಜಾಸ್ತಿ ಅಂಟಿಕೊಳ್ಳುತ್ತವೆ. ಅಂದರೆ ಬಿರಡೆ ಎಣ್ಣೆಯದ್ದಲ್ಲ, ನಿಮ್ಮದೇ ಕೋಶಗಳದ್ದು. ಎಣ್ಣೆ ಅದಕ್ಕೆ ಕುಮ್ಮಕ್ಕು ಕೊಟ್ಟಿದೆ.

ಈ ಬಿರಡೆ ಒಂದು ರಾತ್ರಿಯಲ್ಲಿ ಆಗುವುದಿಲ್ಲ. ಕಣ್ಣಿಗೆ ಕಾಣದ ಆಳದಲ್ಲಿ ಶುರುವಾಗಿ, ಬೆರಳಿಗೆ ಸಿಗುವಷ್ಟು ಬೆಳೆಯೋಕೆ ವಾರಗಳು ಬೇಕು. ನಿಮ್ಮ ಲೆಕ್ಕ ಅದಕ್ಕೆ ಸರಿಯಾಗಿ ಕೂಡುತ್ತದೆ. ಮೂರು ವಾರ ಮುಖ ಮೆತ್ತಗಿತ್ತು ಅಂದಿರಲ್ಲ, ಅದು ಸುಳ್ಳಲ್ಲ. ಮೇಲ್ಪದರದ ಒಣ ಸಿಪ್ಪೆಗಳ ಸಂದಿಯನ್ನು ಎಣ್ಣೆ ತುಂಬಿತ್ತು, ಅದಕ್ಕೆ ನುಣುಪು. ಅದೇ ಹೊತ್ತಿಗೆ ಕೆಳಗೆ ಕೊಳವೆಗಳು ಮುಚ್ಚಿಕೊಳ್ಳುತ್ತಿದ್ದವು. ಎರಡೂ ಒಟ್ಟಿಗೇ ನಡೆದಿವೆ. ಎಷ್ಟೋ ಜನ ಎಣ್ಣೆಯನ್ನು ಅನುಮಾನಿಸದೇ ಇರುವುದು ಇದಕ್ಕೇ. ಆರನೇ ವಾರ ಗುಳ್ಳೆ ಬಂದಾಗ ಹಿಂದಿನ ದಿನ ತಿಂದ ಹಂದಿಮಾಂಸವನ್ನೋ ಗೋಡಂಬಿಯನ್ನೋ ಬೈಯುತ್ತಾರೆ. ಆರು ವಾರದ ಹಿಂದೆ ಏನು ಹೊಸದಾಗಿ ಶುರು ಮಾಡಿದೆ ಅಂತ ಯಾರೂ ಯೋಚಿಸುವುದಿಲ್ಲ.

ಇನ್ನು ನಿಮ್ಮ ಗೆಳತಿ ಹೇಳಿದ "ಒಳಗಿನ ಕೊಳೆ". ಚರ್ಮದೊಳಗೆ ಎಣ್ಣೆ ಎಳೆದು ತೆಗೆಯುವಂಥ ಕೊಳೆ ಯಾವುದೂ ಇಲ್ಲ. ಈ ಮಾತು ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. ಮೊಡವೆಗೆ ನಾವು ಕೊಡುವ ಅಡಾಪಲಿನ್, ಟ್ರೆಟಿನಾಯಿನ್ ಥರದ ಮುಲಾಮುಗಳು ಕೋಶಗಳು ಉದುರುವ ವೇಗ ಬದಲಿಸುತ್ತವೆ. ಹಾಗಾಗಿ ಮೊದಲ ಕೆಲವು ವಾರ, ಒಳಗೆ ಮೊದಲೇ ಇದ್ದ ಬಿರಡೆಗಳು ಬೇಗ ಮೇಲೆ ಬಂದು ಮೊಡವೆ ಜಾಸ್ತಿಯಾದ ಹಾಗೆ ಕಾಣಬಹುದು, ಆಮೇಲೆ ಇಳಿಯುತ್ತದೆ. ಕೊಬ್ಬರಿ ಎಣ್ಣೆಗೆ ಆ ಶಕ್ತಿ ಇಲ್ಲ. ಎಣ್ಣೆ ಹಚ್ಚಿ ಐದಾರು ವಾರಕ್ಕೆ ಹೊಸ ಗುಳ್ಳೆ ಬಂದರೆ ಅದು ಹೊಸ ಗುಳ್ಳೆಯೇ. "ತಡೆದುಕೋ, ಹೋಗುತ್ತೆ" ಅಂತ ನಾಲ್ಕು ತಿಂಗಳು ಮುಂದುವರಿಸಿ, ಕೊನೆಗೆ ಕೆಂಪು ಗಂಟು, ಕಲೆ ಎಲ್ಲ ಆದ ಮೇಲೆ ಬಂದ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ತುಂಬಾ ಬೇಸರ ಆಗುತ್ತದೆ. ನಮ್ಮ ಬಣ್ಣದ ಚರ್ಮದಲ್ಲಿ ಮೊಡವೆ ಹೋದರೂ ಅದರ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಅಜ್ಜಿಯ ವಿಷಯಕ್ಕೆ ಬರೋಣ. ಅವರ ಅನುಭವ ಸುಳ್ಳಲ್ಲ. ಆದರೆ ಅವರು ಎಣ್ಣೆ ಹೇಗೆ ಹಚ್ಚುತ್ತಿದ್ದರು ಅಂತ ಒಮ್ಮೆ ಕೂತು ಕೇಳಿ ನೋಡಿ. ನಾನು ಈ ಪ್ರಶ್ನೆಯನ್ನು ತುಂಬಾ ಅಜ್ಜಿಯರಿಗೆ ಕೇಳಿದ್ದೇನೆ. ಹೆಚ್ಚಿನವರು ಹೇಳುವುದು ಎಣ್ಣೆ ಸ್ನಾನದ ಕಥೆ. ವಾರಕ್ಕೊಮ್ಮೆ ತಲೆಗೆ, ಮೈಗೆ, ಮುಖಕ್ಕೆ ಎಣ್ಣೆ ಹಚ್ಚಿಕೊಂಡು, ಅರ್ಧ ಗಂಟೆ ಒಲೆ ಮುಂದೆ ಕೂತು, ಹಂಡೆ ನೀರಲ್ಲಿ ಸೀಗೆಪುಡಿ, ಕಡಲೆಹಿಟ್ಟು ಹಾಕಿ ಉಜ್ಜಿ ತೊಳೆಯುತ್ತಿದ್ದರು. ಎಣ್ಣೆ ಚರ್ಮದ ಮೇಲೆ ಇದ್ದದ್ದು ವಾರಕ್ಕೆ ಅರ್ಧ ಗಂಟೆ. ನೀವು ಹಚ್ಚಿದ್ದು ದಿನಾ, ರಾತ್ರಿ ಎಂಟು ಗಂಟೆ ಹೊತ್ತು. ಎಣ್ಣೆ ಅದೇ, ಲೆಕ್ಕ ಮಾತ್ರ ಬೇರೆ. ಈಗಲೂ ದಿನಾ ಹಚ್ಚುತ್ತಾರೆ ಅಂದರೆ, ಅವರ ವಯಸ್ಸಿಗೆ ಜಿಡ್ಡಿನ ಗ್ರಂಥಿಗಳ ಕೆಲಸ ತುಂಬಾ ಕಡಿಮೆಯಾಗಿರುತ್ತದೆ. ಅವರ ಒಣ ಚರ್ಮಕ್ಕೆ ಎಣ್ಣೆ ಬೇಕೇ ಬೇಕು. 27ರ ಹಣೆ ಇನ್ನೂ ತಾನೇ ಎಣ್ಣೆ ಮಾಡುತ್ತಿದೆ. ಇನ್ನೊಂದು, ಕೊಳವೆಯ ಕೋಶಗಳು ಅಂಟಿಕೊಳ್ಳುವ ಗುಣ ಮನೆತನದಲ್ಲಿ ಬರುತ್ತದೆ. ಅದು ನಿಮಗೆ ಅಪ್ಪನ ಕಡೆಯಿಂದಲೂ ಬಂದಿರಬಹುದು.

ಗಾಣದ ಎಣ್ಣೆ ಶುದ್ಧ, ಅದು ರಂಧ್ರ ಮುಚ್ಚುವುದಿಲ್ಲ ಅನ್ನುವವರೂ ಇದ್ದಾರೆ. ಶುದ್ಧ ಹೌದು, ವಾಸನೆಯೂ ಚೆನ್ನಾಗಿರುತ್ತದೆ. ಆದರೆ ಗಾಣದ್ದಾಗಲಿ, ಅಂಗಡಿಯ ನೀಲಿ ಬಾಟಲಿಯದ್ದಾಗಲಿ, ಹಸಿ ಕಾಯಿಹಾಲಿನಿಂದ ತೆಗೆದದ್ದಾಗಲಿ, ಒಳಗಿನ ಕೊಬ್ಬು ಹೆಚ್ಚುಕಡಿಮೆ ಒಂದೇ. ಅದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಚರ್ಮದ ಪದರಕ್ಕೆ ಬೇಕಾದ ಲಿನೊಲಿಯಿಕ್ ಆಮ್ಲ ಮಾತ್ರ ನೂರಕ್ಕೆ ಒಂದೆರಡು ಪಾಲು. ಲಾರಿಕ್ ಆಮ್ಲ ಮೊಡವೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಅಂತ ಓದಿರುತ್ತೀರಿ. ಪ್ರಯೋಗಶಾಲೆಯ ತಟ್ಟೆಯಲ್ಲಿ ಅದು ನಿಜ. ಆದರೆ ನಿಮಗಿರುವುದು ಬಿರಡೆ. ಬ್ಯಾಕ್ಟೀರಿಯಾ ಆಮೇಲೆ ಬರುವ ಅತಿಥಿ. ಅದನ್ನು ಕೊಂದರೂ ಬಿರಡೆ ಅಲ್ಲೇ ಇರುತ್ತದೆ.

ಮನೆಯಲ್ಲೇ ಕೊಬ್ಬರಿ ಒಣಗಿಸಿ ಆಡಿಸುವವರಿಗೆ ಒಂದು ಮಾತು. ನಮ್ಮ ಮಳೆಗಾಲದಲ್ಲಿ ಕೊಬ್ಬರಿ ಸರಿಯಾಗಿ ಒಣಗುವುದಿಲ್ಲ, ಎಣ್ಣೆಯಲ್ಲಿ ನೀರಿನ ಅಂಶ ಉಳಿದು ಬೇಗ ಕಮಟು ಹಿಡಿಯುತ್ತದೆ. ಮುಚ್ಚಳ ತೆಗೆದಾಗ ಹಳೇ ಸೋಪಿನ ಥರ ವಾಸನೆ ಬಂದರೆ, ನಾಲಿಗೆಗೆ ಇಟ್ಟಾಗ ಗಂಟಲು ಕೆರೆದರೆ ಅದು ಕೆಟ್ಟಿದೆ. ಅಂಥದ್ದು ಚರ್ಮವನ್ನು ಇನ್ನೂ ಕೆರಳಿಸುತ್ತದೆ. ದೀಪಕ್ಕೆ ಇಡಿ, ಮೈಗೆ ಬೇಡ.

ಕೊಬ್ಬರಿ ಎಣ್ಣೆಗೆ "ರಂಧ್ರ ಮುಚ್ಚುವ ಅಂಕ 4" ಅಂತ ಒಂದು ಪಟ್ಟಿ ಮೊಬೈಲಿನಲ್ಲಿ ಓಡಾಡುತ್ತದೆ. 0ಯಿಂದ 5ರವರೆಗಿನ ಅಂಕ. ಅದರ ಮೂಲ ನಿಮಗೆ ಗೊತ್ತಿದ್ದರೆ ಒಳ್ಳೆಯದು. 1972ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ಮಿಲ್ಸ್ ಅನ್ನುವವರು ಸೌಂದರ್ಯ ಸಾಮಗ್ರಿಗಳಿಂದ ಬರುವ ಮೊಡವೆಯ ಬಗ್ಗೆ ಬರೆದರು. ಆ ಕಾಲದಲ್ಲಿ ಪದಾರ್ಥಗಳನ್ನು ಮೊಲದ ಕಿವಿಯ ಒಳಭಾಗಕ್ಕೆ ಹಚ್ಚಿ, ರಂಧ್ರ ಎಷ್ಟು ಮುಚ್ಚಿತು ಅಂತ ನೋಡುತ್ತಿದ್ದರು. ಮೊಲದ ಕಿವಿ ನಮ್ಮ ಮುಖಕ್ಕಿಂತ ತುಂಬಾ ಸೂಕ್ಷ್ಮ. ಅಲ್ಲಿ ಮುಚ್ಚಿದ್ದೆಲ್ಲ ಮನುಷ್ಯರಲ್ಲಿ ಮುಚ್ಚಲಿಲ್ಲ. ಹಾಗಾಗಿ ಆ ಅಂಕವನ್ನು ತೀರ್ಪು ಅಂತ ತಿಳಿಯಬೇಡಿ, ಎಚ್ಚರಿಕೆ ಅಂತ ತಿಳಿಯಿರಿ. ಒಂದು ಕ್ರೀಮಿನಲ್ಲಿ ಸ್ವಲ್ಪ ಕೊಬ್ಬರಿ ಎಣ್ಣೆ ಇದೆ ಅಂತ ಅದನ್ನು ಎಸೆಯಬೇಕಿಲ್ಲ, ಪ್ರಮಾಣ, ಜೊತೆಗಿರುವ ಪದಾರ್ಥ ಎಲ್ಲ ಲೆಕ್ಕಕ್ಕೆ ಬರುತ್ತವೆ. ಡಬ್ಬದ ಮೇಲಿನ "ನಾನ್ ಕಾಮಿಡೋಜೆನಿಕ್" ಅನ್ನುವ ಮಾತನ್ನೂ ಹಾಗೆಯೇ ನೋಡಿ. ಅದಕ್ಕೆ ಎಲ್ಲ ಕಂಪನಿಗಳೂ ಪಾಲಿಸಲೇಬೇಕಾದ ಒಂದೇ ಪರೀಕ್ಷೆ ಅಂತ ಇಲ್ಲ. ಇರುವ ಡಬ್ಬ ಇಲ್ಲದ್ದಕ್ಕಿಂತ ವಾಸಿ, ಗ್ಯಾರಂಟಿ ಅಲ್ಲ.

ಮುಂದುವರಿಯುವ ಮೊದಲು ಇನ್ನೊಂದು ವಿಷಯ ಖಚಿತ ಮಾಡಿಕೊಳ್ಳಬೇಕು. ನಿಮ್ಮ ಗುಳ್ಳೆ ತುರಿಸುತ್ತಾ? ತುರಿಕೆ ಬಗ್ಗೆ ನೀವು ಬರೆದಿಲ್ಲ. ಹಣೆಯಲ್ಲಿ, ಕೂದಲ ಅಂಚಿನಲ್ಲಿ, ಎದೆ ಬೆನ್ನಿನ ಮೇಲೂ, ಎಲ್ಲ ಒಂದೇ ಗಾತ್ರದ, ಅಚ್ಚು ಹಾಕಿದ ಹಾಗಿರುವ ಗುಳ್ಳೆ ಬಂದು ತುರಿಸಿದರೆ ಅದು ಮೊಡವೆ ಅಲ್ಲದೇ ಇರಬಹುದು. ಮಲಸೀಜಿಯಾ ಅನ್ನುವ ಯೀಸ್ಟ್ ಎಲ್ಲರ ಚರ್ಮದ ಮೇಲೂ ಇರುತ್ತದೆ. ತಲೆಹೊಟ್ಟಿನ ಹಿಂದೆ ಇರುವುದೂ ಅದೇ. ಕೊಬ್ಬಿನ ಆಮ್ಲಗಳೇ ಅದರ ಊಟ. ಕೊಬ್ಬರಿ ಎಣ್ಣೆ, ಆಲಿವ್ ಎಣ್ಣೆ ಹಚ್ಚಿದರೆ ಅದಕ್ಕೆ ಎಲೆ ಹಾಕಿ ಬಡಿಸಿದ ಹಾಗೆ. ಮಳೆಗಾಲದಲ್ಲಿ ರೈನ್‌ಕೋಟ್ ಒಳಗೆ ಬೆವೆತು ತೋಟದಲ್ಲಿ ಕೆಲಸ ಮಾಡುವವರಲ್ಲಿ ಇದನ್ನು ತುಂಬಾ ನೋಡುತ್ತೇನೆ. ಇಂಥವರು ಮೊಡವೆ ಅಂದುಕೊಂಡು ಆ್ಯಂಟಿಬಯೋಟಿಕ್ ಮಾತ್ರೆ ತಿಂದರೆ ಇನ್ನೂ ಜಾಸ್ತಿಯಾಗುತ್ತದೆ. ಗುಳ್ಳೆಯಿಂದ ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ, ದೊಡ್ಡ ಪರೀಕ್ಷೆಯೇನಲ್ಲ. ಔಷಧಿಯೂ ಬೇರೆ, ಕೀಟೊಕೊನಜೋಲ್ ಥರದ್ದು. ತುರಿಕೆ ಇದ್ದರೆ ಕೆಳಗೆ ಹೇಳುವುದನ್ನು ಶುರು ಮಾಡುವ ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ.

ತುರಿಕೆ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಆಗ ಕೆಲಸ ಹೀಗೆ.

ಎಣ್ಣೆ ಮುಖದಿಂದ ಹೋಗಬೇಕು, ತಲೆಯಿಂದ ಇಳಿದು ಬರುವುದೂ ನಿಲ್ಲಬೇಕು. ರಾತ್ರಿ ತಲೆಗೆ ಎಣ್ಣೆ ಹಚ್ಚಿ ಮಲಗಿದರೆ ಅದು ಹಣೆಗೆ ಇಳಿಯುತ್ತದೆ, ದಿಂಬಿನಿಂದ ಕೆನ್ನೆಗೆ ಬರುತ್ತದೆ. ನಿಮ್ಮ ಕೆನ್ನೆಯ ಪಕ್ಕದ ಗುಳ್ಳೆಗಳ ಬಗ್ಗೆ ನನಗೆ ಈ ಅನುಮಾನವೂ ಇದೆ. ತಲೆಗೆ ಬೇಕಿದ್ದರೆ ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ, ತೊಳೆದುಬಿಡಿ. ದಿಂಬಿನ ಬಟ್ಟೆ ವಾರಕ್ಕೆ ಎರಡು ಸಲ ಬದಲಿಸಿ. ಚಳಿಗೆ ಹಾಕುವ ಉಲ್ಲನ್ ಟೋಪಿಯನ್ನು ಒಮ್ಮೆ ಮೂಸಿ ನೋಡಿ. ಹಣೆಗೆ ತಾಗುವ ಅದರ ಪಟ್ಟಿಯಲ್ಲಿ ಇಡೀ ಚಳಿಗಾಲದ ಎಣ್ಣೆ ಕೂತಿರುತ್ತದೆ. ಅದನ್ನೂ ಒಗೆಯಿರಿ.

ಮುಖ ದಿನಕ್ಕೆ ಎರಡು ಸಲ ತೊಳೆದರೆ ಸಾಕು, ಮೈಸೋಪು ಬೇಡ, ನೊರೆ ಕಡಿಮೆ ಇರುವ ಫೇಸ್‌ವಾಶ್ ಇರಲಿ. ಹಂಡೆಯ ಸುಡುನೀರು ಮುಖಕ್ಕೆ ಹಾಕಬೇಡಿ. ಕೆನ್ನೆ ಬಿಗಿಯಾಗುವುದಕ್ಕೆ ಅರ್ಧ ಕಾರಣ ಆ ನೀರೇ. ಚಳಿಯಲ್ಲಿ ಅದು ಎಷ್ಟು ಹಿತ ಅಂತ ನನಗೂ ಗೊತ್ತು. ಮೈಗೆ ಹಾಕಿಕೊಳ್ಳಿ, ಮುಖಕ್ಕೆ ಉಗುರುಬೆಚ್ಚಗಿನದ್ದು.

ಆಮೇಲೆ ಗುಳ್ಳೆಗೆ ಔಷಧಿ. ಇಂಥ ಮುಚ್ಚಿದ ರಂಧ್ರಗಳಿಗೆ ನಾನು ಮೊದಲು ಬರೆಯುವುದು ಅಡಾಪಲಿನ್ 0.1 ಜೆಲ್. ಡಾಕ್ಟರ್ ಚೀಟಿ ಬೇಕು, ಹಾಗಾಗಿ ಒಮ್ಮೆ ತೋರಿಸಿಯೇ ತೆಗೆದುಕೊಳ್ಳಿ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಗುಳ್ಳೆ ಗುಳ್ಳೆಗೆ ಚುಕ್ಕಿ ಇಡುವುದಲ್ಲ. ಕಣ್ಣು, ಮೂಗಿನ ಸಂದಿ, ತುಟಿಯ ಮೂಲೆ ಬಿಡಿ. ನಿಮ್ಮ ಕೆನ್ನೆ ಒಣ ಇರುವುದರಿಂದ ಮೊದಲು ತೆಳುವಾಗಿ ಮಾಯಿಶ್ಚರೈಸರ್ ಹಚ್ಚಿ, ಅದರ ಮೇಲೆ ಇದನ್ನು ಹಚ್ಚಿ. ಮೊದಲ ಎರಡು ವಾರ ರಾತ್ರಿ ಬಿಟ್ಟು ರಾತ್ರಿ. ಸ್ವಲ್ಪ ಉರಿ, ಸಿಪ್ಪೆ ಸಹಜ. ಬೆಳಿಗ್ಗೆ ಸನ್‌ಸ್ಕ್ರೀನ್ ತಪ್ಪಿಸಬೇಡಿ. ಗರ್ಭಿಣಿಯಾಗಿದ್ದರೆ, ಆಗುವ ಯೋಚನೆ ಇದ್ದರೆ ಇದು ಬೇಡ, ಡಾಕ್ಟರಿಗೆ ಮೊದಲೇ ಹೇಳಿ, ಬೇರೆ ದಾರಿ ಇದೆ.

ಮೆಡಿಕಲ್ ಶಾಪಿನಲ್ಲಿ "ಮೊಡವೆ, ಕಲೆ ಎರಡಕ್ಕೂ ಬೇಗ ಹೋಗುತ್ತೆ" ಅಂತ ಕೊಡುವ ಕ್ರೀಮನ್ನು ಮಾತ್ರ ದಯವಿಟ್ಟು ತರಬೇಡಿ. ಎಷ್ಟೋ ಸಲ ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಅಂತ ಕಂಡರೆ ವಾಪಸ್ ಕೊಡಿ. ಒಂದು ವಾರದಲ್ಲಿ ಮುಖ ಹೊಳೆಯುತ್ತದೆ. ಕೆಲವು ತಿಂಗಳಲ್ಲಿ ಚರ್ಮ ತೆಳುವಾಗಿ, ಕೆಂಪಾಗಿ, ಬಿಟ್ಟರೆ ಉರಿ, ಹಚ್ಚಿದರೆ ಮೊಡವೆ ಅನ್ನುವ ಸ್ಥಿತಿಗೆ ಬರುತ್ತದೆ. ಅದನ್ನು ಬಿಡಿಸುವುದು ನಿಮ್ಮ ಈಗಿನ ಗುಳ್ಳೆ ವಾಸಿ ಮಾಡುವುದಕ್ಕಿಂತ ಎಷ್ಟೋ ಕಷ್ಟ.

ಎಷ್ಟು ದಿನ ಬೇಕು? ಬಿರಡೆ ಕಟ್ಟೋಕೆ ವಾರಗಳು ಬೇಕಾದ ಹಾಗೆ ಬಿಡೋಕೂ ಬೇಕು. ಎರಡನೇ ವಾರದಿಂದ ನಾಲ್ಕನೇ ವಾರದ ನಡುವೆ ಇನ್ನೂ ಕೆಟ್ಟಿದೆ ಅನ್ನಿಸಬಹುದು. ಎಂಟನೇ ವಾರಕ್ಕೆ ಹಣೆ ಬೆರಳಿಗೆ ನುಣುಪಾಗತೊಡಗುತ್ತದೆ. ಹನ್ನೆರಡನೇ ವಾರಕ್ಕೆ ಮೊದಲು ತೀರ್ಮಾನ ಬೇಡ. ಅದೇ ಕಿಟಕಿ, ಅದೇ ಹೊತ್ತು, ಪಕ್ಕದ ಬೆಳಕಿನಲ್ಲಿ ವಾರಕ್ಕೊಂದು ಫೋಟೋ ತೆಗೆದಿಡಿ. ದಿನಾ ಕನ್ನಡಿ ನೋಡಿದರೆ ಬದಲಾವಣೆ ಗೊತ್ತಾಗುವುದಿಲ್ಲ.

ಈಗ ಕೆನ್ನೆ. ನಿಮ್ಮ ಮೂಲ ತೊಂದರೆ ಅದೇ ಅಲ್ವಾ? ಬಿಗಿತ ಬರುವುದು ಚರ್ಮದಲ್ಲಿ ನೀರು ಕಡಿಮೆಯಾಗಿದ್ದಕ್ಕೆ. ಎಣ್ಣೆ ನೀರು ಕೊಡುವುದಿಲ್ಲ, ಇರುವ ನೀರು ಆರಿಹೋಗದ ಹಾಗೆ ಮುಚ್ಚಳ ಹಾಕುತ್ತದೆ. ಒಣಗಿದ ಕೆನ್ನೆಗೆ ಎಣ್ಣೆ ಹಚ್ಚಿದರೆ ಖಾಲಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ನಿಮಗೆ ಬೇಕಾದದ್ದು ನೀರು ಹಿಡಿಯುವ ಗ್ಲಿಸರಿನ್, ಚರ್ಮದ ಪದರ ಗಟ್ಟಿ ಮಾಡುವ ಸೆರಮೈಡ್ ಇರುವ ಸಾದಾ ಮಾಯಿಶ್ಚರೈಸರ್. ಮುಖ ತೊಳೆದು, ಟವೆಲಿನಿಂದ ಒತ್ತಿ, ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಹಚ್ಚಿ. ಮಂಜಿನ ಬೆಳಿಗ್ಗೆ ಬಸ್ ಸ್ಟಾಪಲ್ಲಿ ನಿಲ್ಲುವ ದಿನ ಕೆನ್ನೆಯ ಮೇಲೆ ಮಾತ್ರ ಒಂದಿಷ್ಟು ವ್ಯಾಸಲಿನ್ ಸವರಿ. ಜನ ಇದಕ್ಕೆ ಹೆದರುತ್ತಾರೆ, ಅಂಟಂಟು ಅಂತ. ಶುದ್ಧ ಮಾಡಿದ ಪೆಟ್ರೋಲಿಯಂ ಜೆಲ್ಲಿ ರಂಧ್ರ ಮುಚ್ಚುವುದರಲ್ಲಿ ಕೊಬ್ಬರಿ ಎಣ್ಣೆಯಷ್ಟು ಕುಖ್ಯಾತ ಅಲ್ಲ. ಅಂಟುವುದು ಬೇರೆ, ಒಳಗೆ ಬಿರಡೆ ಕಟ್ಟಿಸುವುದು ಬೇರೆ.

ಬೇರೆ ಎಣ್ಣೆ ಹಚ್ಚಬಹುದಾ ಅಂತ ಕೇಳಿದ್ದೀರಿ. ಗುಳ್ಳೆ ಇರುವ ಮೂರು ತಿಂಗಳು ಯಾವುದೂ ಬೇಡ. ಆಮೇಲೆ ಬೇಕೆನಿಸಿದರೆ ನನ್ನ ಮೊದಲ ಆಯ್ಕೆ ಸ್ಕ್ವಾಲೇನ್. ಹಗುರ, ವಾಸನೆ ಇಲ್ಲ, ಬೇಗ ಕಮಟಾಗುವುದಿಲ್ಲ, ಆ ಯೀಸ್ಟಿಗೂ ಊಟವಾಗುವುದಿಲ್ಲ. ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೊಲಿಯಿಕ್ ಆಮ್ಲ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಮೊಡವೆ ಇರುವವರ ಜಿಡ್ಡಿನಲ್ಲಿ ಇದೇ ಆಮ್ಲ ಕಡಿಮೆ ಅಂತ ಕಂಡುಬಂದಿದೆ. ಹಾಗಂತ ಅದನ್ನು ಹಚ್ಚಿದರೆ ಮೊಡವೆ ವಾಸಿಯಾಗುತ್ತದೆ ಅಂತ ಅಲ್ಲ. ತೊಂದರೆ ಕೊಡುವ ಸಾಧ್ಯತೆ ಕಡಿಮೆ, ಅಷ್ಟೇ. ಯೀಸ್ಟಿನ ಗುಳ್ಳೆ ಬರುವವರಿಗೆ ಅದೂ ಬೇಡ. ಆಲಿವ್ ಎಣ್ಣೆಯನ್ನು ಮುಖಕ್ಕೆ ಯಾರಿಗೂ ಹೇಳುವುದಿಲ್ಲ. ಅದರಲ್ಲಿ ತುಂಬಿರುವ ಒಲಿಯಿಕ್ ಆಮ್ಲ ಚರ್ಮದ ಮೇಲ್ಪದರವನ್ನು ಸಡಿಲ ಮಾಡುತ್ತದೆ, ಒಣ ಚರ್ಮದವರಿಗೂ ನಷ್ಟವೇ. ನಿಂಬೆರಸ ಬೆರೆಸಿದ ಎಣ್ಣೆ ಹಚ್ಚಿ ಬಿಸಿಲಿಗೆ ಹೋಗುವುದಂತೂ ಬೇಡವೇ ಬೇಡ, ಸುಟ್ಟ ಹಾಗೆ ಕಪ್ಪಾಗುತ್ತದೆ. ಕಾಫಿ ಕೊಯ್ಲಿಗೆ ಹೋಗುವಾಗ ಬಿಸಿಲಿಗೆ ಅಂತ ಮುಖಕ್ಕೆ ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಅದು ಸನ್‌ಸ್ಕ್ರೀನ್ ಕೆಲಸ ಮಾಡುವುದಿಲ್ಲ. ಟೋಪಿಯೋ ಸೆರಗೋ ಅದಕ್ಕಿಂತ ಜಾಸ್ತಿ ಕಾಯುತ್ತದೆ.

ಹೊಸ ಎಣ್ಣೆ ಯಾವುದೇ ಇರಲಿ, ಇಡೀ ಮುಖಕ್ಕೆ ಒಮ್ಮೆಲೇ ಹಚ್ಚಬೇಡಿ. ಮೊಣಕೈ ಒಳಗೆ ಹಚ್ಚಿ ಎರಡು ದಿನ ನೋಡಿದರೆ ಅಲರ್ಜಿ ಗೊತ್ತಾಗುತ್ತದೆ, ರಂಧ್ರ ಮುಚ್ಚುವುದು ಗೊತ್ತಾಗುವುದಿಲ್ಲ. ಅಲ್ಲಿ ಮುಚ್ಚಿಕೊಳ್ಳುವಂಥ ದೊಡ್ಡ ಗ್ರಂಥಿಗಳೇ ಇಲ್ಲ. ಮುಖದಲ್ಲೇ ನೋಡಬೇಕು. ಒಂದು ಕಡೆಯ ದವಡೆ, ಕಿವಿಯ ಮುಂದೆ, ಎರಡು ಬೆರಳಗಲದ ಜಾಗ. ದಿನಾ ರಾತ್ರಿ ಒಂದು ಹನಿ, ಕಡಿಮೆ ಅಂದರೆ ಆರು ವಾರ. ಇನ್ನೊಂದು ಕಡೆ ಏನೂ ಹಚ್ಚಬೇಡಿ. ಆರು ವಾರದ ಮೇಲೆ ಎರಡೂ ಕಡೆ ಚರ್ಮ ಎಳೆದು ಹೋಲಿಸಿ ನೋಡಿ. ಇಷ್ಟು ತಾಳ್ಮೆ ಯಾರಿಗಿದೆ ಅನ್ನಬಹುದು. ಮುಖಪೂರ್ತಿ ಗುಳ್ಳೆ ಬಂದು ಮೂರು ತಿಂಗಳು ಕಾಯುವುದಕ್ಕಿಂತ ಇದು ಸುಲಭ.

ಇದನ್ನು ಓದುವ ಬೇರೆಯವರಿಗಾಗಿ ಎರಡು ಮಾತು. ಎಂದೂ ಮೊಡವೆ ಬಾರದ, ಮಧ್ಯಾಹ್ನವಾದರೂ ಮೂಗಿನ ಮೇಲೆ ಹೊಳಪೇ ಕಾಣದ ಒಣ ಮುಖದವರು ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿದ್ದರೆ ನನ್ನ ಮಾತು ಕೇಳಿ ಬಿಡಬೇಕಿಲ್ಲ. ಎರಡು ಮೂರು ಹನಿ, ಒದ್ದೆ ಮುಖದ ಮೇಲೆ, ಹಣೆ ಮೂಗು ಬಿಟ್ಟು. ಒಣ ಎಕ್ಸಿಮಾ ಇರುವ ಮಕ್ಕಳ ಕೈಕಾಲಿಗೆ ಇದು ಒಳ್ಳೆಯದು ಅನ್ನುವುದಕ್ಕೆ ಅಧ್ಯಯನದ ಬೆಂಬಲವೂ ಇದೆ, ಡಾಕ್ಟರ್ ಕೊಟ್ಟ ಔಷಧಿ ಬಿಟ್ಟು ಅಲ್ಲ, ಅದರ ಜೊತೆಗೆ. ಹುಬ್ಬಿನಲ್ಲಿ, ಮೂಗಿನ ಪಕ್ಕದಲ್ಲಿ ಕೆಂಪಾಗಿ ಹೊಟ್ಟು ಏಳುವವರು ಮಾತ್ರ ಒಣ ಚರ್ಮ ಅಂದುಕೊಂಡು ಎಣ್ಣೆ ಹಚ್ಚಬೇಡಿ. ಅದು ಮುಖದ ತಲೆಹೊಟ್ಟು, ಎಣ್ಣೆಯಿಂದ ಬೆಳೆಯುತ್ತದೆ. ಮದುವೆ ಮನೆಯಿಂದ ಬಂದು ಮೇಕಪ್ ತೆಗೆಯೋಕೆ ಎಣ್ಣೆ ಬಳಸುವವರು ಎರಡು ನಿಮಿಷ ಉಜ್ಜಿ, ಆಮೇಲೆ ಫೇಸ್‌ವಾಶ್ ಹಾಕಿ ಪೂರ್ತಿ ತೊಳೆದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಒರೆಸಿ ಹಾಗೇ ಮಲಗುವುದು ಬೇಡ.

ಹನ್ನೆರಡು ವಾರದ ನಂತರವೂ ನಿಮ್ಮ ಹಣೆ ಹಾಗೇ ಇದ್ದರೆ, ನಡುವೆ ಕೆಂಪು ನೋವಿನ ಗಂಟುಗಳು ಬಂದರೆ, ಗುಳ್ಳೆಗಳ ಜೊತೆ ಮುಟ್ಟು ತಪ್ಪುತ್ತಿದ್ದರೆ, ಗದ್ದದಲ್ಲಿ ದಪ್ಪ ಕೂದಲು ಕಂಡರೆ ಇನ್ನು ಎಣ್ಣೆಯನ್ನೇ ದೂರಬೇಡಿ. ಹಾರ್ಮೋನಿನ ಕಡೆ ನೋಡಬೇಕಾಗುತ್ತದೆ, ಆ ಪರೀಕ್ಷೆ ಮುಂದೂಡಬೇಡಿ.

ಉಳಿದ ಎಣ್ಣೆ ಬಾಟಲಿ ಎಸೆಯಬೇಡಿ. ಒಡೆದ ಹಿಮ್ಮಡಿಗೆ, ಮೊಣಕೈಗೆ, ಸೀಮೆಸುಣ್ಣದಿಂದ ಒಣಗಿದ ಬೆರಳುಗಳಿಗೆ ಅದು ಬಹಳ ಒಳ್ಳೆಯದು. ಸ್ನಾನ ಮುಗಿದು ಕಾಲು ಇನ್ನೂ ಒದ್ದೆ ಇರುವಾಗ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಿ. ಅಂಗಾಲಿನಲ್ಲಿ ಜಿಡ್ಡಿನ ಗ್ರಂಥಿಯೂ ಇಲ್ಲ, ರೋಮರಂಧ್ರವೂ ಇಲ್ಲ, ಹಾಗಾಗಿ ಅಲ್ಲಿ ಮುಚ್ಚಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಅಜ್ಜಿ ಅವರ ಮುಖಕ್ಕೆ ಹಚ್ಚುವುದನ್ನು ಹಾಗೇ ಮುಂದುವರಿಸಲಿ.